ನಿಯಾಸಿನ್ ಮಾತ್ರೆ, ಟ್ರೈಗ್ಲಿಸರೈಡ್ ಮತ್ತು ಮೈ ಕೆಂಪಾಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನಲ್ಲಿ ಫಾರ್ಮಸಿಸ್ಟ್. ನಿಯಾಸಿನ್ ಬಗ್ಗೆ ಕೌಂಟರಿಗೆ ಬರುವ ಪ್ರಶ್ನೆಗಳು ಹೆಚ್ಚಾಗಿ ಎರಡೇ ತರ. "ಇದು ತಗೊಂಡ್ರೆ ಕೊಬ್ಬು ಇಳಿಯುತ್ತಾ?" ಒಂದು. "ಮೈಯೆಲ್ಲ ಉರಿ ಮಾರಾಯ್ರೆ, ಇದೆಂಥದು?" ಇನ್ನೊಂದು. ಎರಡನ್ನೂ ಸೇರಿಸಿ ಕೆಲವರು ಮೂರನೆಯದನ್ನು ತಾವೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ: ಮೈ ಕೆಂಪಾದರೆ ಔಷಧಿ ಹಿಡಿದಿದೆ ಅಂತ. ಅದು ಸರಿಯಲ್ಲ. ಯಾಕೆ ಅಂತ ಹೇಳುವುದಕ್ಕೇ ಇದೆಲ್ಲ ಬರೆದದ್ದು.

ನಿಯಾಸಿನ್ ಅಂದ್ರೆ ಬಿ ಕಾಂಪ್ಲೆಕ್ಸ್ ಮಾತ್ರೆಯಲ್ಲಿ ಇರುವುದೇ ಅಲ್ವಾ?

ಹೌದು, ವಿಟಮಿನ್ ಬಿ3. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಹತ್ತಿರ ಹತ್ತಿರ 14ರಿಂದ 16 ಮಿಲಿಗ್ರಾಂ. ಮೀನು, ಕೋಳಿ, ನೆಲಗಡಲೆಯಲ್ಲಿ ಚೆನ್ನಾಗಿಯೇ ಇದೆ. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊಟ್ಟಿನ ಕಡೆಯ ಬಿ ವಿಟಮಿನ್ ಅಕ್ಕಿಯ ಒಳಗೆ ಇಳಿಯುತ್ತದೆ. ಹಾಗಾಗಿ ನಮ್ಮ ಕುಚ್ಚಲಕ್ಕಿಯಲ್ಲಿ ಬೆಳ್ತಿಗೆಗಿಂತ ಜಾಸ್ತಿ ಉಳಿಯುತ್ತದೆ. ಬಂಗುಡೆ ಸಾರು, ಗಂಜಿ ಊಟ ಮಾಡುವವರಿಗೆ ವಿಟಮಿನ್ ಲೆಕ್ಕದಲ್ಲಿ ಕೊರತೆ ಅಪರೂಪ.

ಆದರೆ ರಕ್ತದಲ್ಲಿ ಓಡಾಡುವ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, ಇಳಿಸಲು ಕೊಡುವುದು ದಿನಕ್ಕೆ 1000ದಿಂದ 2000 ಮಿಲಿಗ್ರಾಂ, ಹಿಂದೆ 3000ದವರೆಗೂ ಕೊಡುತ್ತಿದ್ದರು. ದಿನದ ಅಗತ್ಯದ ನೂರು ಪಟ್ಟು. ಅಷ್ಟು ಕೊಟ್ಟಾಗ ಅದು ವಿಟಮಿನ್ ಅಲ್ಲ, ಪೂರ್ತಿ ಔಷಧಿ. ಊಟದಿಂದ ಅಷ್ಟು ಸಿಗುವ ಮಾತೇ ಇಲ್ಲ. ಈ ಗುಣ ಗೊತ್ತಾದದ್ದು 1955ರಲ್ಲಿ, ಕೆನಡಾದಲ್ಲಿ. ರುಡಾಲ್ಫ್ ಆಲ್ಟ್‌ಶುಲ್ ಮತ್ತು ಜೊತೆಯವರು ದೊಡ್ಡ ಡೋಸ್ ಕೊಟ್ಟಾಗ ರಕ್ತದ ಕೊಲೆಸ್ಟರಾಲ್ ಇಳಿಯುವುದನ್ನು ಕಂಡರು. ಈಗ ಕೊಲೆಸ್ಟರಾಲ್ ಇಳಿಸಲು ಕೊಡುವ ಸ್ಟ್ಯಾಟಿನ್ ಮಾತ್ರೆಗಳು ಬರುವುದಕ್ಕೆ ಎಷ್ಟೋ ವರ್ಷ ಮೊದಲು.

ಟ್ರೈಗ್ಲಿಸರೈಡ್ ಎಲ್ಲಿಂದ ಬರುತ್ತದೆ? ನಾನು ಎಣ್ಣೆ ತಿನ್ನುವುದೇ ಕಡಿಮೆ.

ಎಣ್ಣೆ ಒಂದೇ ಕಾರಣ ಅಲ್ಲ. ಬಟ್ಟಲುಗಟ್ಟಲೆ ಅನ್ನ, ಸಕ್ಕರೆ, ಮದ್ಯ ಇವೆಲ್ಲ ಲಿವರಿಗೆ ಹೋಗಿ ಕೊಬ್ಬಾಗುತ್ತವೆ. ಲಿವರ್ ಆ ಕೊಬ್ಬನ್ನು ಸಣ್ಣ ಸಣ್ಣ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಆ ಕಣಗಳಿಗೆ ವಿಎಲ್‌ಡಿಎಲ್ ಅಂತ ಹೆಸರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟಾಗ ರಿಪೋರ್ಟಿನಲ್ಲಿ ಕಾಣುವ ಟ್ರೈಗ್ಲಿಸರೈಡ್ ಹೆಚ್ಚಿನ ಪಾಲು ಇದರೊಳಗಿನದ್ದೇ.

150ಕ್ಕಿಂತ ಕೆಳಗಿದ್ದರೆ ಸರಿ. 500 ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯ ಶುರು. ಆಗ ಡಾಕ್ಟರು ಹೃದಯಕ್ಕಿಂತ ಮೊದಲು ಅದರ ಬಗ್ಗೆ ಯೋಚಿಸುತ್ತಾರೆ.

ನಿಯಾಸಿನ್ ಅದನ್ನು ಇಳಿಸುವುದು ಹೇಗೆ?

ಇಲ್ಲಿ ಎರಡು ವಿವರಣೆ ಇದೆ. ಹಳೆಯದು ಕೇಳಲಿಕ್ಕೆ ಚಂದ, ಆದರೆ ಅದೊಂದೇ ಸಾಕಾಗಲಿಲ್ಲ.

ಹಳೆಯ ವಿವರಣೆ ಹೀಗೆ. ನಮ್ಮ ಹೊಟ್ಟೆ, ಸೊಂಟದ ಕೊಬ್ಬಿನ ಕೋಶಗಳ ಮೇಲೆ ಜಿಪಿಆರ್ 109ಎ ಅನ್ನುವ ರಿಸೆಪ್ಟರ್, ಅಂದರೆ ಹೊರಗಿನ ಸಂದೇಶ ಹಿಡಿಯುವ ಬೀಗ, ಇದೆ. ನಿಯಾಸಿನ್ ಹೋಗಿ ಅದಕ್ಕೆ ಅಂಟಿದರೆ ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಕಡಿಮೆಯಾಗುತ್ತದೆ. ಅದು ಕಡಿಮೆಯಾದರೆ ಕೂಡಿಟ್ಟ ಕೊಬ್ಬನ್ನು ಒಡೆಯುವ ಕಿಣ್ವ ತಣ್ಣಗಾಗುತ್ತದೆ. ರಕ್ತಕ್ಕೆ ಬರುವ ಕೊಬ್ಬಿನಾಮ್ಲ ಇಳಿಯುತ್ತದೆ. ಲಿವರಿಗೆ ಕಚ್ಚಾ ಮಾಲು ಸಿಗುವುದಿಲ್ಲ, ಟ್ರೈಗ್ಲಿಸರೈಡ್ ತಯಾರಾಗುವುದಿಲ್ಲ. ಈ ರಿಸೆಪ್ಟರ್ ಯಾವುದು ಅಂತ 2003ರಲ್ಲಿ ಪತ್ತೆಯಾದಾಗ ಕಥೆ ಮುಗಿಯಿತು ಅಂತಲೇ ಅನ್ನಿಸಿತ್ತು. (ಅಂದಹಾಗೆ ಆ ರಿಸೆಪ್ಟರ್ ಇರುವುದು ನಿಯಾಸಿನ್‌ಗೋಸ್ಕರ ಅಲ್ಲ. ಉಪವಾಸ ಇದ್ದಾಗ ಲಿವರ್ ತಯಾರಿಸುವ ಕೀಟೋನ್‌ಗೆ ಸ್ಪಂದಿಸಿ, ಕೊಬ್ಬು ಒಮ್ಮೆಲೇ ಕರಗಿ ಹೋಗದ ಹಾಗೆ ನೋಡಿಕೊಳ್ಳುವುದು ಅದರ ಸ್ವಂತ ಕೆಲಸ.)

ತೊಂದರೆ ಬಂದದ್ದು ಆಮೇಲೆ. ಕೊಬ್ಬಿನಾಮ್ಲ ಇಳಿಯುವುದು ಬರೀ ಕೆಲವು ಗಂಟೆ. ಮಾತ್ರೆಯ ಪ್ರಭಾವ ಹೋದ ಕೂಡಲೇ ಅದು ಮೊದಲಿಗಿಂತ ಮೇಲೆ ಏರಿ ಬರುತ್ತದೆ. ಇನ್ನೂ ಒಂದು ಪೆಟ್ಟು 2012ರಲ್ಲಿ. ಆ ರಿಸೆಪ್ಟರನ್ನು ಮಾತ್ರ ಚುರುಕು ಮಾಡುವ ಬೇರೆ ಔಷಧಿಗಳನ್ನು ಮನುಷ್ಯರಿಗೆ ಕೊಟ್ಟು ನೋಡಿದ ಫಲಿತಾಂಶ ಹೊರಬಂತು. ಕೊಬ್ಬಿನಾಮ್ಲ ಇಳಿಯಿತು, ಸರಿ. ಆದರೆ ಟ್ರೈಗ್ಲಿಸರೈಡ್ ನಿಯಾಸಿನ್‌ನಲ್ಲಿ ಇಳಿಯುವ ಹಾಗೆ ಇಳಿಯಲೇ ಇಲ್ಲ. ಅಂದರೆ ಮುಖ್ಯ ಕೆಲಸ ಬೇರೆಲ್ಲೋ ನಡೆಯುತ್ತಿದೆ ಅಂತಾಯಿತು.

ಆ ಬೇರೆ ಕಡೆ ಲಿವರ್ ಒಳಗೇ ಇದೆ ಅನ್ನುವುದು ಹೊಸ ವಿವರಣೆ. ಟ್ರೈಗ್ಲಿಸರೈಡ್ ಕಟ್ಟುವ ಕೊನೆಯ ಹಂತದಲ್ಲಿ ಡಿಜಿಎಟಿ-2 ಅನ್ನುವ ಕಿಣ್ವ ಬೇಕು. ಎರಡು ಕೊಬ್ಬಿನಾಮ್ಲ ಅಂಟಿದ ಗ್ಲಿಸರಾಲ್‌ಗೆ ಮೂರನೆಯದನ್ನು ಅಂಟಿಸುವುದು ಅದು. ಮನುಷ್ಯರ ಲಿವರ್ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಪರೀಕ್ಷಿಸಿದಾಗ, ನಿಯಾಸಿನ್ ನೇರವಾಗಿ ಈ ಕಿಣ್ವವನ್ನೇ ತಡೆಯುವುದು ಕಂಡಿತು. ಕೊಬ್ಬು ತಯಾರಾಗದಿದ್ದರೆ ವಿಎಲ್‌ಡಿಎಲ್ ಕಣ ಕಟ್ಟುವ ಪ್ರೋಟೀನ್, ಅಪೋ-ಬಿ, ಸುಮ್ನೆ ಕೂತಿರುತ್ತದೆ. ಮಲ್ಪೆ ಬಂದರಿನಲ್ಲಿ ಮೀನು ತುಂಬದ ಬಾಕ್ಸು ಲಾರಿ ಹತ್ತುವುದಿಲ್ಲ ಅಲ್ವಾ, ಹಾಗೆ. ಒಂದೇ ವ್ಯತ್ಯಾಸ, ಲಿವರ್ ಆ ಖಾಲಿ ಬಾಕ್ಸನ್ನು ಇಟ್ಟುಕೊಳ್ಳುವುದಿಲ್ಲ, ಒಳಗೇ ಒಡೆದು ಹಾಕುತ್ತದೆ. ರಕ್ತಕ್ಕೆ ಬರುವ ಕಣಗಳ ಸಂಖ್ಯೆಯೇ ಇಳಿಯುತ್ತದೆ.

ಈ ವಿಎಲ್‌ಡಿಎಲ್ ಕಣಗಳೇ ಮುಂದೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಆಗುವುದು. ಹಾಗಾಗಿ ಅದೂ ಸ್ವಲ್ಪ ಇಳಿಯುತ್ತದೆ. ಒಳ್ಳೆಯ ಕೊಲೆಸ್ಟರಾಲ್ ಅನ್ನುವ ಎಚ್‌ಡಿಎಲ್ ಏರುತ್ತದೆ. ಟ್ರೈಗ್ಲಿಸರೈಡ್ ಒಟ್ಟಾರೆ ಶೇಕಡಾ 20ರಿಂದ 50ರವರೆಗೆ ಇಳಿಯಬಹುದು. ಡೋಸ್ ಎಷ್ಟು, ಶುರುವಿನಲ್ಲಿ ಎಷ್ಟಿತ್ತು ಅನ್ನುವುದರ ಮೇಲೆ ಹೋಗುತ್ತದೆ.

ಹಾಗಾದರೆ ಮೈ ಯಾಕೆ ಕೆಂಪಾಗುತ್ತದೆ?

ಅದೇ ಜಿಪಿಆರ್ 109ಎ ರಿಸೆಪ್ಟರ್ ಚರ್ಮದಲ್ಲೂ ಇದೆ, ಅದಕ್ಕೆ. ಕೊಬ್ಬಿನ ಕೋಶದಲ್ಲಿ ಒಂದು ಕೆಲಸ ಮಾಡುವ ಬೀಗ ಚರ್ಮದಲ್ಲಿ ಬೇರೆಯೇ ಬಾಗಿಲು ತೆರೆಯುತ್ತದೆ.

ಚರ್ಮದ ಮೇಲ್ಪದರದಲ್ಲಿ ಲ್ಯಾಂಗರ್‌ಹಾನ್ಸ್ ಕೋಶಗಳಿವೆ. ಹೊರಗಿನಿಂದ ಬರುವ ರೋಗಾಣುಗಳ ಮೇಲೆ ಕಣ್ಣಿಡುವುದು ಅವುಗಳ ಕೆಲಸ. ನಿಯಾಸಿನ್ ಅಲ್ಲಿಯ ರಿಸೆಪ್ಟರಿಗೆ ಅಂಟಿದ ಕೂಡಲೇ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಕ್ಯಾಲ್ಸಿಯಂ ಏರಿದರೆ ಫಾಸ್ಫೊಲೈಪೇಸ್ ಎ2 ಅನ್ನುವ ಕಿಣ್ವ ಎಚ್ಚರಾಗಿ, ಕೋಶದ ಪೊರೆಯಿಂದ ಅರಾಕಿಡೋನಿಕ್ ಆಮ್ಲವನ್ನು ಕತ್ತರಿಸಿ ತೆಗೆಯುತ್ತದೆ. ಸೈಕ್ಲೊಆಕ್ಸಿಜಿನೇಸ್-1, ಅಂದರೆ ಕಾಕ್ಸ್-1, ಅದನ್ನು ತಿರುವುತ್ತದೆ. ಕೊನೆಗೆ ಹೊರಬರುವುದು ಪ್ರೋಸ್ಟಗ್ಲಾಂಡಿನ್ ಅನ್ನುವ ಸಂದೇಶ ರಾಸಾಯನಿಕಗಳು: ಡಿ2, ಜೊತೆಗೆ ಇ2.

ಇವು ಸ್ವಲ್ಪ ಕೆಳಗೆ ಇಳಿದು ಚರ್ಮದ ಸಣ್ಣ ರಕ್ತನಾಳಗಳನ್ನು ಮುಟ್ಟುತ್ತವೆ. ಡಿ2 ಅಂಟುವುದು ಡಿಪಿ-1 ರಿಸೆಪ್ಟರಿಗೆ. ಇ2 ಅಂಟುವುದು ಇಪಿ-2, ಇಪಿ-4ಕ್ಕೆ. ನಾಳದ ಗೋಡೆಯ ಸ್ನಾಯು ಸಡಿಲವಾಗುತ್ತದೆ, ನಾಳ ಹಿಗ್ಗುತ್ತದೆ, ಬಿಸಿ ರಕ್ತ ಚರ್ಮದ ಹತ್ತಿರ ತುಂಬಿ ಬರುತ್ತದೆ. ಮುಖ, ಕಿವಿ, ಕುತ್ತಿಗೆ, ಎದೆಯ ಮೇಲ್ಭಾಗ ಬಿಸಿಯಾಗಿ, ಜುಮ್ಮೆಂದು, ಕೆಲವರಿಗೆ ತುರಿಸುತ್ತದೆ. ಕಪ್ಪು ಮೈಬಣ್ಣದವರಿಗೆ ಕೆಂಪು ಅಷ್ಟಾಗಿ ಕಾಣುವುದಿಲ್ಲ, ಬಿಸಿ ಮತ್ತು ಚುಚ್ಚು ಮಾತ್ರ ಗೊತ್ತಾಗುತ್ತದೆ. ಹಾಗಾಗಿ ನಮ್ಮಲ್ಲಿ "ಕೆಂಪಾಯಿತು" ಅನ್ನುವವರಿಗಿಂತ "ಮೆಣಸಿನ ಪುಡಿ ಉಜ್ಜಿದ ಹಾಗೆ" ಅನ್ನುವವರು ಜಾಸ್ತಿ.

ಇದಕ್ಕೆ ಎರಡನೇ ಅಲೆಯೂ ಇದೆ. ಚರ್ಮದ ಸಾಮಾನ್ಯ ಕೋಶಗಳಾದ ಕೆರಾಟಿನೊಸೈಟ್‌ಗಳಲ್ಲೂ ಅದೇ ರಿಸೆಪ್ಟರ್ ಇದ್ದು, ಅವು ನಿಧಾನವಾಗಿ ಕಾಕ್ಸ್-2 ಮೂಲಕ ಪ್ರೋಸ್ಟಗ್ಲಾಂಡಿನ್ ಇ2 ಬಿಡುತ್ತವೆ. ಮೊದಲ ಉರಿ ಇಳಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗೆ ಉಳಿಯುವುದು ಅದರಿಂದ.

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಉರಿ ಚರ್ಮದ ರಿಸೆಪ್ಟರಿನದ್ದು. ಟ್ರೈಗ್ಲಿಸರೈಡ್ ಇಳಿಯುವುದು ಬಹುಮಟ್ಟಿಗೆ ಲಿವರಿನ ಕಿಣ್ವದಿಂದ. ಒಂದನ್ನು ನೋಡಿ ಇನ್ನೊಂದನ್ನು ಅಳೆಯಲಿಕ್ಕೆ ಆಗುವುದಿಲ್ಲ.

ಒಂದು ಉದಾಹರಣೆ ಹೇಳ್ತೀರಾ?

ಕೌಂಟರಿನಲ್ಲಿ ನೋಡುವ ಹಲವರನ್ನು ಸೇರಿಸಿ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಉಡುಪಿಯವರು, 46 ವರ್ಷ, ಸ್ವಲ್ಪ ಹೊಟ್ಟೆ, ಬಿಪಿ ಮಾತ್ರೆ ಇದೆ. ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ 480. ಯಾರೋ ಹೇಳಿದರು ಅಂತ ಆನ್‌ಲೈನ್‌ನಲ್ಲಿ 500 ಮಿಲಿಗ್ರಾಂ ನಿಯಾಸಿನ್ ತರಿಸಿದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ, ಮೇಲಿಂದ ಬಿಸಿ ಬಿಸಿ ಕಾಫಿ.

ಇಪ್ಪತ್ತು ನಿಮಿಷಕ್ಕೆ ಕಿವಿ ಬಿಸಿ. ಆಮೇಲೆ ಮುಖ, ಕುತ್ತಿಗೆ, ತೋಳು. ಹೆದರಿ ಎದ್ದು ನಿಂತರೆ ತಲೆ ಸುತ್ತು. ಅಲರ್ಜಿ ಅಂದುಕೊಂಡು ಸಿಟ್ರಿಜಿನ್ ನುಂಗಿದರು. ಒಂದು ಗಂಟೆಯಲ್ಲಿ ಎಲ್ಲ ಇಳಿಯಿತು. ಸಿಟ್ರಿಜಿನ್‌ನಿಂದ ಇಳಿಯಿತು ಅಂತ ಅವರ ನಂಬಿಕೆ. ನಿಜವಾಗಿ ಏನೂ ಮಾಡದಿದ್ದರೂ ಅಷ್ಟು ಹೊತ್ತಿಗೆ ಇಳಿಯುತ್ತಿತ್ತು.

ಇಲ್ಲಿ ಆದದ್ದು ಏನು? ಖಾಲಿ ಹೊಟ್ಟೆಯಲ್ಲಿ ಬೇಗ ಕರಗುವ ಮಾತ್ರೆ ತೆಗೆದುಕೊಂಡದ್ದರಿಂದ ನಿಯಾಸಿನ್ ರಕ್ತದಲ್ಲಿ ಒಮ್ಮೆಲೇ ಏರಿತು. ಉರಿ ಎಷ್ಟು ಅನ್ನುವುದನ್ನು ಒಟ್ಟು ಡೋಸಿಗಿಂತ ಈ ಏರುವ ವೇಗವೇ ಜಾಸ್ತಿ ನಿರ್ಧರಿಸುತ್ತದೆ. ಬಿಸಿ ಕಾಫಿ ಅದಕ್ಕೆ ಸೇರಿಕೊಂಡಿತು. ಮೊದಲೇ ಬಿಪಿ ಮಾತ್ರೆ ನಾಳ ಸಡಿಲಿಸಿತ್ತು, ಮೇಲಿಂದ ಇದೂ ಸಡಿಲಿಸಿತು, ನಿಂತಾಗ ತಲೆ ಸುತ್ತಿತು.

ಮಾತು ಮುಂದುವರಿದಾಗ ಗೊತ್ತಾಗುವುದು ಇನ್ನೊಂದು. ರಕ್ತ ಕೊಟ್ಟದ್ದು ಮದುವೆ ಊಟದ ಮರುದಿನ. ರಾತ್ರಿ ಹನ್ನೊಂದಕ್ಕೆ ಕೋರಿ ರೊಟ್ಟಿ, ಎರಡು ಪೆಗ್ಗು. ಬೆಳಿಗ್ಗೆ ಏಳಕ್ಕೆ ಲ್ಯಾಬು. ಉಪವಾಸ ಎಂಟು ಗಂಟೆ, ಅದೂ ಮದ್ಯದ ಮೇಲೆ. ಆ 480ರಲ್ಲಿ ಆ ರಾತ್ರಿಯ ಪಾಲು ಎಷ್ಟು ಅಂತ ಹೇಳಲಿಕ್ಕಾಗುವುದಿಲ್ಲ. ಮೂರ್ನಾಲ್ಕು ದಿನ ಮದ್ಯ ಬಿಟ್ಟು, 12 ಗಂಟೆ ಉಪವಾಸ ಇದ್ದು ಇನ್ನೊಮ್ಮೆ ನೋಡಬೇಕು. ಜೊತೆಗೆ ಶುಗರ್ ಮತ್ತು ಥೈರಾಯ್ಡ್. ಹತೋಟಿಯಿಲ್ಲದ ಶುಗರ್, ಕಡಿಮೆಯಾದ ಥೈರಾಯ್ಡ್, ಎರಡೂ ಟ್ರೈಗ್ಲಿಸರೈಡ್ ಏರಿಸುತ್ತವೆ. ಅದನ್ನು ಸರಿ ಮಾಡದೆ ನಿಯಾಸಿನ್ ನುಂಗಿದರೆ, ಅದೂ ಶುಗರ್ ಇದ್ದವರು ನುಂಗಿದರೆ, ಸಮಸ್ಯೆ ಇನ್ನೂ ದೊಡ್ಡದಾಗುತ್ತದೆ. ಕಾರಣ ಕೆಳಗೆ ಇದೆ.

ಇದು ಅಲರ್ಜಿಯೇ ಅಲ್ವಾ? ಹೇಗೆ ಗೊತ್ತಾಗುತ್ತದೆ?

ಸಾಮಾನ್ಯ ಉರಿ ಅಲರ್ಜಿ ಅಲ್ಲ. ಮುಖ್ಯ ಪಾತ್ರ ಪ್ರೋಸ್ಟಗ್ಲಾಂಡಿನ್‌ದು, ಅಲರ್ಜಿಯಲ್ಲಿ ಹೊರಬರುವ ಹಿಸ್ಟಮಿನ್‌ದಲ್ಲ. ಅದಕ್ಕೇ ಸಿಟ್ರಿಜಿನ್‌ನಂಥ ಮಾತ್ರೆಯಿಂದ ಹೆಚ್ಚೇನೂ ಪ್ರಯೋಜನ ಇಲ್ಲ.

ಆದರೆ ತುಟಿ, ನಾಲಿಗೆ ಊದಿದರೆ, ಉಸಿರಾಡಲು ಕಷ್ಟವಾದರೆ, ಮೈಮೇಲೆ ಉಬ್ಬಿದ ದದ್ದು ಎದ್ದರೆ ಅದು ಬೇರೆ ವಿಷಯ. ಆಗ ಪ್ರೋಸ್ಟಗ್ಲಾಂಡಿನ್ ಲೆಕ್ಕ ಹಾಕುತ್ತಾ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಆಸ್ಪಿರಿನ್ ತಗೊಂಡರೆ ಉರಿ ಬರುವುದಿಲ್ಲವಂತೆ, ಹೌದಾ?

ಕಡಿಮೆಯಾಗುತ್ತದೆ, ಹೌದು. ಆಸ್ಪಿರಿನ್ ಕಾಕ್ಸ್ ಕಿಣ್ವವನ್ನು ಮುಚ್ಚುತ್ತದೆ, ಹಾಗಾಗಿ ಅರಾಕಿಡೋನಿಕ್ ಆಮ್ಲ ಪ್ರೋಸ್ಟಗ್ಲಾಂಡಿನ್ ಆಗುವುದು ತಪ್ಪುತ್ತದೆ. ನಿಯಾಸಿನ್‌ಗೆ ಅರ್ಧ ಗಂಟೆ ಮೊದಲು 325 ಮಿಲಿಗ್ರಾಂ ಕೊಡುವ ಪದ್ಧತಿ ಇತ್ತು. ಟ್ರೈಗ್ಲಿಸರೈಡ್ ಇಳಿಯುವುದಕ್ಕೆ ಅದರಿಂದ ಅಡ್ಡಿಯಿಲ್ಲ. ದಾರಿ ಬೇರೆ ಬೇರೆ ಅನ್ನುವುದಕ್ಕೆ ಇದೂ ಒಂದು ಸಾಕ್ಷಿ.

ಆದರೆ ನಮ್ಮ ಕರಾವಳಿಯಲ್ಲಿ ಒಂದು ಮಾತು ಹೇಳಲೇಬೇಕು. ಮಳೆಗಾಲದಲ್ಲಿ ಡೆಂಗ್ಯೂ ಇದ್ದೇ ಇರುತ್ತದೆ. ಡೆಂಗ್ಯೂ ಜ್ವರದಲ್ಲಿ ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಮೈ ಬಿಸಿಯಾದದ್ದು ನಿಯಾಸಿನ್‌ನಿಂದಲೋ ಜ್ವರದಿಂದಲೋ ಅಂತ ಸಂಶಯ ಇದ್ದರೆ ಥರ್ಮಾಮೀಟರ್ ಇಡಿ. ನಿಯಾಸಿನ್ ಉರಿಯಲ್ಲಿ ಚರ್ಮ ಬಿಸಿಯಾಗುತ್ತದೆ, ಜ್ವರ ಬರುವುದಿಲ್ಲ. ಹೊಟ್ಟೆಹುಣ್ಣು ಇದ್ದವರಿಗಂತೂ ಆಸ್ಪಿರಿನ್ ಬೇಡ, ನಿಯಾಸಿನ್ ಕೂಡ ಬೇಡ.

ದಿನಾ ತಗೊಂಡರೆ ಉರಿ ಅಭ್ಯಾಸ ಆಗುತ್ತದಾ?

ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಟ್ರೈಗ್ಲಿಸರೈಡ್ ಇಳಿಸುವ ಗುಣ ಮಾತ್ರ ಹಾಗೇ ಉಳಿಯುತ್ತದೆ. ಉರಿ ನಿಂತಿತು, ಔಷಧಿ ಹಿಡಿಯುವುದು ಬಿಟ್ಟಿತು ಅಂತ ಡೋಸ್ ಏರಿಸುವವರು ಇದನ್ನು ಎರಡು ಸಲ ಓದಬೇಕು.

ನಡುವೆ ಕೆಲವು ದಿನ ಬಿಟ್ಟರೆ ಅಭ್ಯಾಸ ತಪ್ಪಿ ಉರಿ ವಾಪಸು ಬರುತ್ತದೆ. ಊರಿಗೆ ಹೋಗಿ ಒಂದು ವಾರ ಮಾತ್ರೆ ಮರೆತು, ಬಂದ ದಿನವೇ ಹಳೆಯ ಪೂರ್ತಿ ಡೋಸ್ ನುಂಗಬಾರದು. ಮತ್ತೆ ಕೆಳಗಿನಿಂದ ಏರಿಸಬೇಕು, ಡಾಕ್ಟರನ್ನು ಕೇಳಿ.

"ನೋ ಫ್ಲಶ್" ಅಂತ ಬರೆದ ಡಬ್ಬಿ ಸಿಗುತ್ತದಲ್ಲ, ಅದು ಒಳ್ಳೆಯದಲ್ವಾ?

ಉರಿ ಬರುವುದಿಲ್ಲ, ನಿಜ. ಒಳಗೆ ಇರುವುದು ಏನು ಅಂತ ಲೇಬಲ್ ಓದಿ. ಹೆಚ್ಚಾಗಿ ಇನೊಸಿಟಾಲ್ ನಿಕೋಟಿನೇಟ್ ಇರುತ್ತದೆ. ಅದು ದೇಹದೊಳಗೆ ಒಡೆದು ನಿಜವಾದ ನಿಯಾಸಿನ್ ಬಿಡುಗಡೆ ಮಾಡುವುದು ತೀರಾ ಕಡಿಮೆ. ಉರಿ ಇಲ್ಲ, ಟ್ರೈಗ್ಲಿಸರೈಡ್ ಇಳಿಯುವುದೂ ಹೇಳಿಕೊಳ್ಳುವಷ್ಟಿಲ್ಲ.

ಇನ್ನು ಕೆಲವದರಲ್ಲಿ ನಿಕೋಟಿನಮೈಡ್ ಇರುತ್ತದೆ. ಇದೂ ವಿಟಮಿನ್ ಬಿ3 ಅಂತಲೇ ಮಾರುವುದು. ವಿಟಮಿನ್ ಕೊರತೆಗೆ ಸರಿ. ಆದರೆ ಇದು ಆ ರಿಸೆಪ್ಟರನ್ನು ಚುರುಕು ಮಾಡುವುದಿಲ್ಲ, ಕೊಬ್ಬನ್ನೂ ಇಳಿಸುವುದಿಲ್ಲ. ನಮ್ಮಲ್ಲಿ ಸಿಗುವ ಬಿ ಕಾಂಪ್ಲೆಕ್ಸ್ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಹಾಗಾಗಿ ಅದನ್ನು ಹತ್ತು ನುಂಗಿದರೂ ರಿಪೋರ್ಟ್ ಬದಲಾಗುವುದಿಲ್ಲ. ದಯವಿಟ್ಟು ನುಂಗಬೇಡಿ.

ನಿಧಾನವಾಗಿ ಕರಗುವ ಮಾತ್ರೆಯಲ್ಲಿ ಉರಿ ಕಡಿಮೆ ಅಂತಾರೆ. ಅದಕ್ಕೇನು ತೊಂದರೆ?

ಲಿವರಿಗೆ ತೊಂದರೆ. ಲಿವರ್ ನಿಯಾಸಿನ್ ಅನ್ನು ಎರಡು ರೀತಿ ವಿಲೇವಾರಿ ಮಾಡುತ್ತದೆ. ಒಂದರಲ್ಲಿ ಗ್ಲೈಸಿನ್ ಸೇರಿಸಿ ನಿಕೋಟಿನ್ಯೂರಿಕ್ ಆಮ್ಲ ಮಾಡಿ ಹೊರಗೆ ಕಳಿಸುತ್ತದೆ. ಇನ್ನೊಂದರಲ್ಲಿ ನಿಕೋಟಿನಮೈಡ್ ಕಡೆಗೆ ತಿರುಗಿಸಿ ಹಲವು ಹಂತದಲ್ಲಿ ಕರಗಿಸುತ್ತದೆ. ಈ ಎರಡನೇ ದಾರಿ ಸ್ವಲ್ಪ ಸ್ವಲ್ಪವೇ ಬರುವ ನಿಯಾಸಿನ್ ಅನ್ನು ಮೊದಲು ಹಿಡಿಯುತ್ತದೆ, ಆದರೆ ಬೇಗ ತುಂಬಿಹೋಗುತ್ತದೆ. ಒಮ್ಮೆಲೇ ಬಂದರೆ ಉಳಿದದ್ದು ಮೊದಲನೇ ದಾರಿಗೆ ಹರಿಯುತ್ತದೆ. ಉರಿಗೆ ನಂಟು ಮೊದಲನೇ ದಾರಿಯದ್ದು, ಲಿವರಿನ ಪೆಟ್ಟಿಗೆ ಎರಡನೆಯದ್ದು. ಹೀಗಾಗಿ ಬೇಗ ಕರಗುವ ಮಾತ್ರೆಯಲ್ಲಿ ಉರಿ ಜಾಸ್ತಿ, ಲಿವರಿಗೆ ಪೆಟ್ಟು ಕಡಿಮೆ. ತೀರಾ ನಿಧಾನದ್ದರಲ್ಲಿ ಉರಿ ಕಡಿಮೆ, ಲಿವರಿಗೆ ಪೆಟ್ಟು ಜಾಸ್ತಿ.

ಎರಡರ ನಡುವೆ ಇರಲಿ ಅಂತಲೇ ರಾತ್ರಿ ಮಲಗುವಾಗ ಒಮ್ಮೆ ತೆಗೆದುಕೊಳ್ಳುವ ಎಕ್ಸ್‌ಟೆಂಡೆಡ್ ರಿಲೀಸ್ ಮಾತ್ರೆ ಬಂತು. ಅದನ್ನು ಮುರಿದು, ಪುಡಿ ಮಾಡಿ ತೆಗೆದುಕೊಳ್ಳಬಾರದು. ಮುರಿದರೆ ಎಲ್ಲ ಒಟ್ಟಿಗೇ ಬಿಡುಗಡೆಯಾಗುತ್ತದೆ. ಬೇಗ ಕರಗುವ ಮಾತ್ರೆಯಿಂದ ನಿಧಾನದ್ದಕ್ಕೆ ಅಷ್ಟೇ ಮಿಲಿಗ್ರಾಂ ಲೆಕ್ಕದಲ್ಲಿ ಬದಲಾಯಿಸುವುದೂ ಅಪಾಯ. ಹಸಿವಿಲ್ಲ, ವಾಕರಿಕೆ, ಮೂತ್ರ ಗಾಢ ಹಳದಿ, ಕಣ್ಣು ಹಳದಿ ಅಂತಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ಡಾಕ್ಟರನ್ನು ಕಾಣಿ.

ಇಷ್ಟೆಲ್ಲ ಇಳಿಸುತ್ತದೆ ಅಂದರೆ ಡಾಕ್ಟರು ಯಾಕೆ ಬರೆಯುವುದಿಲ್ಲ?

ರಿಪೋರ್ಟ್ ಚಂದ ಆಯಿತು, ಹಾರ್ಟ್ ಅಟ್ಯಾಕ್ ಕಡಿಮೆಯಾಗಲಿಲ್ಲ. ಅದೇ ಕಾರಣ.

ಹಳೆಯ ದಿನಗಳಲ್ಲಿ ಆಸೆ ಇತ್ತು. ಸ್ಟ್ಯಾಟಿನ್ ಇಲ್ಲದ ಕಾಲದಲ್ಲಿ ಅಮೆರಿಕದಲ್ಲಿ ನಡೆದ ಕೊರೊನರಿ ಡ್ರಗ್ ಪ್ರಾಜೆಕ್ಟ್‌ನಲ್ಲಿ ನಿಯಾಸಿನ್ ತೆಗೆದುಕೊಂಡವರಿಗೆ ಎರಡನೇ ಹಾರ್ಟ್ ಅಟ್ಯಾಕ್ ಕಡಿಮೆಯಾಗಿತ್ತು. ಆಮೇಲೆ ಸ್ಟ್ಯಾಟಿನ್ ಬಂತು. ಸ್ಟ್ಯಾಟಿನ್ ಮೇಲೆ ನಿಯಾಸಿನ್ ಸೇರಿಸಿದರೆ ಇನ್ನೂ ಲಾಭ ಇದೆಯಾ ಅಂತ ನೋಡಿದ ಏಮ್-ಹೈ ಅಧ್ಯಯನವನ್ನು 2011ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಲಾಭ ಕಾಣಲಿಲ್ಲ.

ಎರಡನೆಯ ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಉರಿಗೆ ಕಾರಣ ಡಿ2 ಅಂಟುವ ಡಿಪಿ-1 ರಿಸೆಪ್ಟರ್ ಅಂತ ಗೊತ್ತಾದ ಮೇಲೆ, ಅದನ್ನೇ ಮುಚ್ಚುವ ಲ್ಯಾರೋಪಿಪ್ರಾಂಟ್ ಅನ್ನುವ ಔಷಧಿ ತಯಾರಿಸಿ ನಿಯಾಸಿನ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿಸಿದರು. ಉರಿ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ, ಇ2 ಉಳಿದಿತ್ತಲ್ಲ. 25,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಎಚ್‌ಪಿಎಸ್2-ಥ್ರೈವ್ ಅಧ್ಯಯನದಲ್ಲಿ ಹೃದಯಕ್ಕೆ ಲಾಭ ಸಿಗಲಿಲ್ಲ. ಬದಲಿಗೆ ಶುಗರ್ ಏರಿದ್ದು, ಸೋಂಕು, ರಕ್ತಸ್ರಾವ, ಸ್ನಾಯು ತೊಂದರೆ ಜಾಸ್ತಿಯಾದವು. 2013ರಲ್ಲಿ ಆ ಮಾತ್ರೆ ಮಾರುಕಟ್ಟೆಯಿಂದ ಹೋಯಿತು. ಚರ್ಮದ ಪ್ರಶ್ನೆಗೆ ಅಷ್ಟು ಜಾಣ ಉತ್ತರ ಹುಡುಕಿದರು, ಆದರೆ ಮೂಲ ಔಷಧಿಯಲ್ಲೇ ಸತ್ವ ಇರಲಿಲ್ಲ. ನನಗೆ ಈ ಕಥೆಯಲ್ಲಿ ಬೇಸರ ತರಿಸುವುದು ಇದೇ.

ಈಗ ಟ್ರೈಗ್ಲಿಸರೈಡ್ ತುಂಬಾ ಏರಿದ್ದರೆ ಫೆನೊಫೈಬ್ರೇಟ್, ಡಾಕ್ಟರ್ ಬರೆದ ಡೋಸಿನ ಒಮೆಗಾ-3, ಮತ್ತು ಹೃದಯದ ಅಪಾಯ ನೋಡಿ ಸ್ಟ್ಯಾಟಿನ್ ಕೊಡುತ್ತಾರೆ. ನಿಯಾಸಿನ್ ತೀರಾ ಕೆಲವರಿಗೆ, ಬೇರೆ ಯಾವುದೂ ಆಗದಿದ್ದಾಗ.

ಶುಗರ್, ಯೂರಿಕ್ ಆಸಿಡ್ ಇದ್ದವರಿಗೆ?

ಮೇಲೆ ಹೇಳಿದ ಕೊಬ್ಬಿನಾಮ್ಲ ವಾಪಸು ಏರಿ ಬರುವ ವಿಷಯ ನೆನಪಿದೆಯಲ್ಲ. ಹಾಗೆ ಏರಿದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಶುಗರ್ ಏರುತ್ತದೆ. ಅಂಚಿನಲ್ಲಿ ಇದ್ದವರು ದಾಟಿಬಿಡಬಹುದು. ಮೂತ್ರದಲ್ಲಿ ಯೂರಿಕ್ ಆಸಿಡ್ ಹೋಗುವುದೂ ಕಡಿಮೆಯಾಗುತ್ತದೆ, ಗೌಟ್ ಇದ್ದವರಿಗೆ ಹೆಬ್ಬೆರಳು ಊದಿಕೊಳ್ಳುತ್ತದೆ.

ಡಾಕ್ಟರೇ ಬರೆದುಕೊಟ್ಟಿದ್ದಾರೆ, ಈಗ ತಗೊಳ್ತಾ ಇದ್ದೇನೆ. ಏನು ನೋಡಿಕೊಳ್ಳಬೇಕು?

ರಾತ್ರಿ ಊಟ ಆದ ಮೇಲೆ, ಮಲಗುವ ಮೊದಲು, ಹೊಟ್ಟೆಯಲ್ಲಿ ಸ್ವಲ್ಪ ಏನಾದರೂ ಇರುವಾಗ ತೆಗೆದುಕೊಳ್ಳಿ. ಎರಡು ಬಿಸ್ಕೆಟ್, ಸ್ವಲ್ಪ ಮಜ್ಜಿಗೆ ಅನ್ನ ಸಾಕು. ಅದೇ ಹೊತ್ತಿಗೆ ಬಿಸಿ ಚಹಾ, ಖಾರದ ಗಸಿ, ಮದ್ಯ, ಬಿಸಿನೀರಿನ ಸ್ನಾನ ಬೇಡ. ರಾತ್ರಿ ಉರಿಯಿಂದ ಎಚ್ಚರಾದರೆ ಗಡಿಬಿಡಿಯಿಂದ ಏಳಬೇಡಿ, ಮೊದಲು ಕೂತುಕೊಳ್ಳಿ, ಬಿಪಿ ಮಾತ್ರೆ ಇದ್ದವರಂತೂ. ಡೋಸ್ ಏರಿಸುವುದು ವಾರಗಟ್ಟಲೆ ಅಂತರದಲ್ಲಿ, ಅದೂ ಡಾಕ್ಟರ್ ಹೇಳಿದ ಮೇಲೆ.

ಲಿವರ್ ಟೆಸ್ಟ್, ಶುಗರ್, ಯೂರಿಕ್ ಆಸಿಡ್ ಶುರು ಮಾಡುವ ಮೊದಲೊಮ್ಮೆ, ಆಮೇಲೆ ಡಾಕ್ಟರ್ ಹೇಳಿದ ಅಂತರದಲ್ಲಿ. ಸ್ಟ್ಯಾಟಿನ್ ಕೂಡ ಇದ್ದು ತೊಡೆ, ಭುಜದ ಸ್ನಾಯು ಕಾರಣವಿಲ್ಲದೆ ನೋಯುತ್ತಿದ್ದರೆ ಅದನ್ನೂ ಹೇಳಿ. ಕಣ್ಣು ಮಂಜಾದರೆ ತಡ ಮಾಡಬೇಡಿ. ಅಪರೂಪಕ್ಕೆ ದೊಡ್ಡ ಡೋಸಿನ ನಿಯಾಸಿನ್‌ನಿಂದ ಕಣ್ಣಿನ ಹಿಂಪರದೆಯ ನಡುಭಾಗದಲ್ಲಿ ನೀರು ಕಟ್ಟಿಕೊಳ್ಳುತ್ತದೆ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.